ತುಂಬು ತೋಳಿನ ಸ್ಪಿನ್ನರ್

ನಾನು ಅನುಮಾನದ ಮನುಷ್ಯ. ಹಾಲಿನವನು ಇವತ್ತು ನಗುತ್ತಾ ಹಾಲು ಕೊಟ್ಟರೆ ನೀರು ಜಾಸ್ತಿ ಬೆರೆಸಿದ್ದಾನೆ ಅಂತಲೇ ನನ್ನ ಲೆಕ್ಕ. ನನ್ನ ಹೆಂಡತಿ ಇದನ್ನು ರೋಗ ಅನ್ನುತ್ತಾಳೆ. ಕ್ರಿಕೆಟ್ ಕೋಚ್‌ಗೆ ಇದು ರೋಗವಲ್ಲ, ಅನ್ನ. ಹುಡುಗರು ಕಾಲು ನೋವಿಲ್ಲ ಅಂತ ಸುಳ್ಳು ಹೇಳುತ್ತಾರೆ, ಅಪ್ಪಂದಿರು ವಯಸ್ಸು ಸುಳ್ಳು ಹೇಳುತ್ತಾರೆ. ಇಂಥವರ ನಡುವೆ ನಂಬಿಕೊಂಡು ಕೂತರೆ ಕೆಟ್ಟೆ.

ಚಿತ್ರದುರ್ಗದ ಮೈದಾನದಲ್ಲಿ ನಾನು ಹೆಣ್ಣುಮಕ್ಕಳಿಗೂ ಬೆಳಗಿನ ಹೊತ್ತು ತರಬೇತಿ ಕೊಡುತ್ತೇನೆ. ಹೋದ ಬೇಸಿಗೆಯಲ್ಲಿ ಚಿಕ್ಕಜಾಜೂರಿನಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಒಂಬತ್ತನೇ ಕ್ಲಾಸು ಮುಗಿಸಿದ್ದಳು, ಅಪ್ಪ ರೈಲ್ವೆಯಲ್ಲಿ ಹಳಿ ಕೆಲಸ. ಜೊತೆಗೆ ದಿನವೂ ತಾಯಿ. ಮಗಳು ಆಡುವಷ್ಟು ಹೊತ್ತು ಆಕೆ ಬೇವಿನ ಮರದ ಕೆಳಗೆ ಕೂತು ಮಗಳನ್ನಲ್ಲ, ನನ್ನನ್ನು ನೋಡುತ್ತಿದ್ದಳು. ಅದು ನನಗೆ ಮೊದಲ ದಿನವೇ ಗೊತ್ತಾಯಿತು. ಕಳ್ಳನ ಹೆಜ್ಜೆ ಕಳ್ಳನಿಗೇ ಗೊತ್ತು ಅನ್ನುವ ಹಾಗೆ, ಅನುಮಾನದವರ ಕಣ್ಣು ಅನುಮಾನದವರಿಗೆ ತಿಳಿಯುತ್ತದೆ.

ಹುಡುಗಿ ಆಫ್ ಸ್ಪಿನ್ ಹಾಕುತ್ತಿದ್ದಳು. ಅಬ್ಬಾ, ಏನು ತಿರುವು! ಚೆಂಡು ಬಿದ್ದಲ್ಲಿಂದ ಹಾವಿನ ಹಾಗೆ ಒಳಕ್ಕೆ ನುಗ್ಗುತ್ತಿತ್ತು. ನನ್ನ ಒಳ್ಳೊಳ್ಳೆ ಬ್ಯಾಟರ್‌ಗಳು ಪೆಚ್ಚು ಮೋರೆ ಹಾಕಿಕೊಂಡು ವಾಪಸ್ ಬರುತ್ತಿದ್ದರು. ಬ್ಯಾಟಿಂಗ್ ಮಾತ್ರ ಸೊನ್ನೆ, ಫೀಲ್ಡಿಂಗ್ ಅಷ್ಟಕ್ಕಷ್ಟೆ. ಅವಳಿಗೆ ಇದ್ದದ್ದು ಆ ಬೌಲಿಂಗ್ ಒಂದೇ. ಜಿಲ್ಲಾ ತಂಡದ ಆಯ್ಕೆ ಹತ್ತಿರ ಬಂದಿತ್ತು. ಬೌಲಿಂಗ್ ಹೋದರೆ ಅವಳು ಹೋದಳು.

ನನ್ನ ಕಣ್ಣಿಗೆ ಬಿದ್ದದ್ದು ತೋಳು. ಉರಿಬಿಸಿಲಲ್ಲೂ ಜೆರ್ಸಿಯ ಒಳಗೆ ಮಣಿಕಟ್ಟಿನವರೆಗೆ ಬರುವ ಸಡಿಲ ಅಂಗಿ. ಉಳಿದವರೆಲ್ಲ ಬೆವರಿ ತೋಳು ಮಡಚಿದರೂ ಇವಳು ಮಡಚುತ್ತಿರಲಿಲ್ಲ. ಯಾಕೆ ಅಂತ ಕೇಳಿದರೆ, "ಬಿಸಿಲಿಗೆ ಕಪ್ಪಾಗ್ತೀನಿ ಸಾರ್" ಅಂದಳು. ಮುಖಕ್ಕೆ ಟೋಪಿಯನ್ನೂ ಹಾಕದ ಹುಡುಗಿ ಕೈ ಕಪ್ಪಾಗುತ್ತದೆ ಅಂದರೆ ನಾನು ನಂಬಬೇಕೆ? ಅದರ ಮೇಲೆ ಔಟಾದ ಹುಡುಗಿಯೊಬ್ಬಳು ಪ್ಯಾಡ್ ಬಿಚ್ಚುತ್ತಾ, "ಸಾರ್, ಅವಳು ಬೌಲ್ ಮಾಡಲ್ಲ, ಎಸೀತಾಳೆ" ಅಂತ ಗೊಣಗಿದಳು. ನನ್ನ ತಲೆಯೊಳಗಿನ ಹುಳಕ್ಕೆ ರೆಕ್ಕೆ ಬಂತು.

ಎಸೆಯುವುದು ಅಂದರೇನು ಅಂತ ಹೇಳಿಬಿಡುತ್ತೇನೆ. ಬೌಲರ್‌ನ ತೋಳು ಭುಜದ ಮಟ್ಟಕ್ಕೆ ಬಂದ ಗಳಿಗೆಯಿಂದ ಚೆಂಡು ಕೈ ಬಿಡುವವರೆಗೆ, ಮಡಚಿದ ಮೊಣಕೈ ನೆಟ್ಟಗಾಗಬಾರದು. ಮನುಷ್ಯರ ಕೀಲು ತಾನೇ, ಸ್ವಲ್ಪ ಅಲುಗುತ್ತದೆ. ದೊಡ್ಡ ಆಟದಲ್ಲಿ ಹದಿನೈದು ಡಿಗ್ರಿಯವರೆಗೆ ಮಾಫಿ ಇದೆ. ಅದಕ್ಕಿಂತ ಜಾಸ್ತಿ ಆದರೆ ಅದು ಕಲ್ಲು ಎಸೆದ ಹಾಗೆ, ನೋಬಾಲ್.

ಆಯ್ಕೆಗೆ ಹೋಗುವ ಪ್ರತಿ ಬೌಲರ್‌ಗೂ ನಾನು ಒಂದು ಕೌಶಲ ಪಟ್ಟಿ ತುಂಬಬೇಕು. ಓಟ, ನೆಗೆತ, ಹಿಂಗಾಲು ಊರುವ ರೀತಿ, ಮುಂಗಾಲು, ಚೆಂಡು ಹಿಡಿಯದ ಕೈ, ತಲೆಯ ಸ್ಥಿರತೆ, ಚೆಂಡು ಬಿಡುವ ಎತ್ತರ, ಬಿಟ್ಟ ಮೇಲೆ ಮೈ ಸಾಗುವ ರೀತಿ. ಒಂದೊಂದಕ್ಕೂ ಐದರಲ್ಲಿ ಅಂಕ. ಕೊನೆಗೆ ಮೊಣಕೈ. ಅದಕ್ಕೆ ಅಂಕವಿಲ್ಲ, ಸರಿ ಅಥವಾ ಸಂಶಯ, ಎರಡೇ. ಸಂಶಯ ಅಂತ ಬರೆದರೆ ಆ ಹುಡುಗಿ ಆಯ್ಕೆಯಲ್ಲಿ ಬೌಲಿಂಗ್ ಮಾಡುವ ಹಾಗಿಲ್ಲ. ಸರಿ ಅಂತ ಬರೆದು ನಾಳೆ ಅಂಪೈರ್ ನೋಬಾಲ್ ಅಂತ ಕೈ ಚಾಚಿದರೆ ನನ್ನ ಮಾನ ಹರಾಜು.

ನೆಟ್‌ನಲ್ಲಿ ಬೌಲರ್‌ನ ಹಿಂದೆ ಸ್ಟ್ಯಾಂಡಿಗೆ ಫೋನ್ ಸಿಕ್ಕಿಸಿ, ನಿಧಾನಕ್ಕೆ ನೋಡಬೇಕು ಅಂತ ಹುಡುಗಿಗೆ ಹೇಳಿ, ಸ್ಲೋ ಮೋಷನ್‌ನಲ್ಲಿ ಹಿಡಿದೆ. ಮನೆಗೆ ಬಂದು ಊಟ ಬಿಟ್ಟು ನೋಡಿದೆ. ಓಟಕ್ಕೆ ನಾಲ್ಕು, ತಲೆಗೆ ಐದು, ಮುಂಗಾಲಿಗೆ ನಾಲ್ಕು. ಎಲ್ಲ ಚಿನ್ನ. ಮೊಣಕೈಗೆ ಬಂದಾಗ ಬೆರಳಲ್ಲಿ ಒಂದೊಂದೇ ಚಿತ್ರ ಸರಿಸಿದೆ. ಅಂಗಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಅದರೊಳಗೆ ತೋಳು ಒಮ್ಮೆ ಡೊಂಕಾಗಿ ಕಂಡಿತು, ಚೆಂಡು ಬಿಡುವಾಗ ನೆಟ್ಟಗೆ. ಸಿಕ್ಕಿಬಿದ್ದಳು ಅಂದುಕೊಂಡೆ. ಆದರೂ ಹಿಂದಿನಿಂದ ಹಿಡಿದ ಒಂದೇ ವಿಡಿಯೋ ನಂಬಬಾರದು ಅಂತ ನನಗೆ ಗೊತ್ತಿತ್ತು. ಡೊಂಕು ತೋಳು ತಿರುಗುವಾಗ ಚಪ್ಪಟೆ ಚಿತ್ರದಲ್ಲಿ ನೆಟ್ಟಗಾದಂತೆ ಕಾಣುವುದುಂಟು. ಪಕ್ಕದಿಂದಲೂ ಹಿಡಿಯಬೇಕು, ಬರಿ ತೋಳು ಕಾಣಬೇಕು.

ಮರುದಿನ ಹುಡುಗಿಗೆ ಹೇಳಿದೆ, "ನಾಳೆ ಅರ್ಧ ತೋಳಿನ ಜೆರ್ಸಿ ಹಾಕ್ಕಂಡ್ ಬಾರವ್ವ, ಇನ್ನೊಂದ್ ಸಲ ವಿಡಿಯೋ ಮಾಡಾಣ."

ಅವಳು ಮರದ ಕಡೆ ನೋಡಿದಳು. ತಾಯಿ ಎದ್ದು ಬಂದೇ ಬಿಟ್ಟಳು.

"ಯಾಕ್ರಿ ಸಾರ್? ಯಾಕಂತ ಹೇಳ್ರಿ. ಹೆಣ್ಣುಡ್ಗಿ ವಿಡಿಯೋನ ಅಷ್ಟು ನಿಧಾನಕ್ಕೆ ನೋಡೋ ಅಂಥದ್ದು ಏನೈತೆ? ಅದೂ ಹಿಂದಿನಿಂದ! ಈಗ ತೋಳು ಬ್ಯಾರೆ ಬಿಚ್ಚಬೇಕಾ?"

ಮೈದಾನವೆಲ್ಲ ನಮ್ಮ ಕಡೆ ತಿರುಗಿತು. ನನ್ನ ಮೈ ಉರಿದುಹೋಯಿತು. ಇಷ್ಟು ವರ್ಷ ಕೋಚ್ ಆಗಿದ್ದೇನೆ, ಯಾವ ತಾಯಿಯೂ ಇಂಥ ಮಾತು ಆಡಿರಲಿಲ್ಲ.

"ಏನಮ್ಮ ಮಾತಾಡ್ತಿದ್ದೀರ? ನಿಮ್ ಮಗಳು ಚೆಂಡು ಎಸೀತಾಳೆ ಅಂತ ಜನ ಹೇಳ್ತಾವ್ರೆ. ಅದನ್ನ ನೋಡಕ್ಕೆ. ನನಗೂ ಮಗಳು ಅವ್ಳೆ!"

"ಎಲ್ಲಾರೂ ಹಂಗೇ ಹೇಳದು" ಅಂದಳು ಆಕೆ. ಮಗಳ ಕೈ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಸರಿಯಾಗಿಯೇ ಇದೆ ಅಂದುಕೊಂಡೆ. ಸಂಶಯ ಅಂತ ಬರೆಯಲು ಪೆನ್ನನ್ನೂ ತೆಗೆದೆ. ಹೆಂಡತಿ ಮಾತ್ರ ಚಪಾತಿ ಲಟ್ಟಿಸುತ್ತಲೇ, "ಗುರುತಿಲ್ಲದ ಗಂಡಸು ನಮ್ಮ ಮಗಳನ್ನ ಹಿಂದಿನಿಂದ ವಿಡಿಯೋ ಮಾಡಿದ್ರೆ ನೀವೇನ್ ಆರತಿ ಎತ್ತುತ್ತಿದ್ರಾ?" ಅಂದಳು. ಸಿಟ್ಟು ಬಂತು. ಆದರೆ ಪೆನ್ನು ಒಳಗಿಟ್ಟೆ.

ಆಯ್ಕೆಗೆ ಮುಂಚಿನ ದಿನ ಇಬ್ಬರೂ ಬಂದರು. ಹುಡುಗಿಯ ಕಣ್ಣು ಅತ್ತು ಊದಿತ್ತು. ತಾಯಿ ಬ್ಯಾಗಿನಿಂದ ತನ್ನ ಫೋನ್ ತೆಗೆದಳು.

"ವಿಡಿಯೋ ನಾನೇ ಮಾಡ್ತೀನಿ. ನನ್ ಫೋನಲ್ಲೇ ಇರಬೇಕು. ಹಿಂದಕ್ಕೆ ನಿಂತ್ಕಳಲ್ಲ, ಪಕ್ಕಕ್ಕೇ ನಿಂತ್ಕಳದು. ಒಪ್ಪಿಗೆ ಆದ್ರೆ ನೋಡ್ರಿ, ಇಲ್ಲಾಂದ್ರೆ ಹೋಗ್ತೀವಿ."

ನನಗೆ ಬೇಕಾಗಿದ್ದದ್ದೂ ಪಕ್ಕದ ನೋಟವೇ. ಆದರೆ ಹಾಗಂತ ಹೇಳಿದರೆ ಆಕೆ ಜಾಗ ಬದಲಾಯಿಸಿಯಾಳು ಅಂತ ಸುಮ್ಮನೆ ತಲೆಯಾಡಿಸಿದೆ. ನೆಟ್ ಬಿಟ್ಟು ಬಯಲಿನ ಪಿಚ್‌ಗೆ ಹೋದೆವು. ಚೆಂಡು ಹಾಕುವ ಕೈ ಕಾಣುವ ಕಡೆ ಆಕೆಯನ್ನು ನಿಲ್ಲಿಸಿ, ಸ್ಲೋ ಮೋಷನ್ ಎಲ್ಲಿ ಒತ್ತಬೇಕು ಅಂತ ದೂರದಿಂದಲೇ ಹೇಳಿದೆ. ಹುಡುಗಿ ಅಂಗಿಯ ತೋಳನ್ನು ಭುಜದವರೆಗೆ ಮಡಚಿದಳು.

ಬಲಮೊಣಕೈ ಸೊಟ್ಟ. ಕೀಲಿನ ಹತ್ತಿರ ಒಂದು ಗಂಟು, ಅಲ್ಲಿಂದ ಮುಂಗೈ ಒಂದು ಕಡೆಗೆ ವಾಲಿತ್ತು. "ಕೈ ನೆಟ್ಟಗೆ ಚಾಚು" ಅಂದೆ. ಚಾಚಿದಳು. ಅದು ಡೊಂಕಾಗಿಯೇ ನಿಂತಿತು.

"ಸಣ್ಣೋಳಿದ್ದಾಗ ಹುಣಸೆ ಮರದಿಂದ ಬಿದ್ಲು. ಮೂಳೆ ಕಟ್ಟೋರು ಕಟ್ಟು ಹಾಕಿದ್ರು. ಹಂಗೇ ಕೂಡ್ಕಂತು" ಅಂದಳು ತಾಯಿ, ನನ್ನ ಮುಖ ನೋಡದೆ. "ಊರಲ್ಲಿ ಯಾರಿಗೂ ತೋರ್ಸಿಲ್ಲ ಸಾರ್. ನಾಳೆ ಹೆಣ್ಣು ನೋಡಕ್ಕೆ ಬಂದೋರು ಸೊಟ್ಟ ಕೈಯೋಳು ಅನ್ನಬಾರದು."

ನನಗೆ ಪಾಪ ಅನ್ನಿಸಿತು. ಹಾಗಂತ ಅನುಮಾನ ಬಿಡುತ್ತದೆಯೇ? ಪೂರ್ತಿ ನೆಟ್ಟಗಾಗದ ಕೈಯೂ ಇನ್ನಷ್ಟು ಮಡಚಿ, ತನ್ನ ಮಿತಿಯವರೆಗೆ ಬಿಚ್ಚಿ ಎಸೆಯಬಹುದು. ಚೆಂಡು ಹಾಕಿಸಿದೆ, ತಾಯಿ ವಿಡಿಯೋ ಹಿಡಿದಳು. ಆಮೇಲೆ ಮರದ ಕೆಳಗೆ ಮೂವರೂ ಕೂತೆವು. ಫೋನ್ ಆಕೆಯ ಕೈಯಲ್ಲೇ. ನಾನು ನಿಲ್ಲಿಸಿ ಅಂದಲ್ಲಿ ನಿಲ್ಲಿಸುತ್ತಿದ್ದಳು. ತೋಳು ಭುಜದ ಮಟ್ಟಕ್ಕೆ ಬಂದ ಚಿತ್ರ. ಚೆಂಡು ಬೆರಳು ಬಿಟ್ಟ ಚಿತ್ರ. ಮತ್ತೆ ಮೊದಲನೆಯದು. ಮತ್ತೆ ಎರಡನೆಯದು. ಹಾಕಿದ ಬೇರೆ ಬೇರೆ ಚೆಂಡುಗಳಲ್ಲೂ ನೋಡಿದೆವು. ಮೊದಲ ಚಿತ್ರದಲ್ಲಿ ಎಷ್ಟು ಡೊಂಕೋ ಎರಡನೆಯದರಲ್ಲೂ ಅಷ್ಟೇ ಡೊಂಕು. ಫೋನಿನಲ್ಲಿ ಡಿಗ್ರಿ ಅಳೆಯಲಾಗದು, ಅದಕ್ಕೆ ಪ್ರಯೋಗಾಲಯವೇ ಬೇಕು. ಆದರೆ ಕಣ್ಣಿಗೆ ಕಾಣುವಂಥ ಬದಲಾವಣೆ ಇರಲಿಲ್ಲ. ಮೊಣಕೈ ಡೊಂಕಿರುವುದು ತಪ್ಪಲ್ಲ, ನೆಟ್ಟಗಾಗುವುದು ತಪ್ಪು. ಸರಿ ಅಂತ ಬರೆದೆ.

"ಈ ವಿಡಿಯೋ ನಾಳೆ ಆಯ್ಕೆಯವರಿಗೆ ತೋರಿಸಬೇಕು, ನನಗೆ ಕಳಿಸ್ರಿ" ಅಂದೆ.

ಆಕೆ ಫೋನನ್ನು ಸೆರಗಿನೊಳಗೆ ಎಳೆದುಕೊಂಡಳು. "ಕಳಿಸಲ್ಲ. ವಾಟ್ಸಾಪಲ್ಲಿ ಒಬ್ರಿಗೆ ಹೋದ್ರೆ ಊರಿಗೇ ಹೋದಂಗೆ."

ಎಷ್ಟು ಹೇಳಿದರೂ ಜಗ್ಗಲಿಲ್ಲ. ಇದೆಂಥ ಹಠಮಾರಿ ಹೆಂಗಸು ಅಂತ ಒಳಗೊಳಗೇ ಬೈದುಕೊಂಡೆ. ಹುಡುಗಿ ಚೆಂಡಿನ ಹೊಲಿಗೆಯನ್ನು ಉಗುರಲ್ಲಿ ಕೆರೆಯುತ್ತಾ ಕೂತಿದ್ದಳು.

ಆಯ್ಕೆ ಹಿರಿಯೂರಿನಲ್ಲಿತ್ತು. ಆಯ್ಕೆ ಮಾಡುವವರಲ್ಲಿ ಹಿರಿಯರಾದ ಮೇಡಂ ಒಬ್ಬರು ಹಿಂದೆ ರಾಜ್ಯಕ್ಕೆ ಆಡಿದವರು, ನನಗಿಂತ ದೊಡ್ಡ ಅನುಮಾನದ ಪಿಂಡ. ಇವಳ ಬೌಲಿಂಗ್ ನೋಡುತ್ತಿದ್ದ ಹಾಗೆಯೇ ಆಟ ನಿಲ್ಲಿಸಿ ನನ್ನನ್ನು ಕರೆದರು.

"ಏನ್ರಿ, ಇದಕ್ಕೆ ಸರಿ ಅಂತ ಹೆಂಗೆ ಬರೆದ್ರಿ? ಆ ತೋಳೊಳಗೆ ಏನ್ ಮುಚ್ಚಿಟ್ಟಿದ್ದೀರಿ? ವಿಡಿಯೋ ಎಲ್ಲಿ?"

ವಿಡಿಯೋ ಇದೆ, ಆದರೆ ನನ್ನ ಬಳಿ ಇಲ್ಲ ಅಂದೆ. ನನ್ನ ಕಿವಿಗೇ ಅದು ಕಳ್ಳನ ಮಾತಿನ ಹಾಗೆ ಕೇಳಿಸಿತು. ಮೇಡಂ ಪೆನ್ನು ತೆಗೆದರು. ಇನ್ನೇನು ಮುಗಿಯಿತು ಅನ್ನುವಾಗ ಹುಡುಗಿ ನಡೆದು ಬಂದಳು. ನೆರೆದವರೆಲ್ಲರ ಮುಂದೆ ಅಂಗಿಯ ತೋಳನ್ನು ಭುಜದವರೆಗೆ ಸರಿಸಿ ಕೈ ಚಾಚಿದಳು.

"ನೀವೇ ನೆಟ್ಟಗೆ ಮಾಡ್ರಿ ಮೇಡಂ, ನೋಡಾಣ."

ಅವರು ಮಾಡಿಯೇ ನೋಡಿದರು. ಒಂದು ಕೈಯಲ್ಲಿ ಮೊಣಕೈ ಹಿಡಿದು, ಇನ್ನೊಂದರಲ್ಲಿ ಮಣಿಕಟ್ಟು ಹಿಡಿದು ಒತ್ತಿದರು. ಹುಡುಗಿ ತುಟಿ ಕಚ್ಚಿಕೊಂಡಳು. ಆಗ ಗ್ಯಾಲರಿಯ ಮೇಲಿಂದ ಇಡೀ ಮೈದಾನಕ್ಕೆ ಕೇಳುವ ಹಾಗೆ ಕೂಗು ಬಂತು.

"ಬಿಡ್ರೀ ಮೇಡಂ! ನೋಯುತ್ತೆ ಅದು! ಸೊಟ್ಟ ಕೈ ಅದು, ಮೊದಲಿಂದ ಸೊಟ್ಟನೇ! ನೆಟ್ಟಗಾಗಲ್ಲ!"

ಕೂಗುತ್ತಲೇ ತಾಯಿ ಮೆಟ್ಟಿಲಿಳಿದು ಓಡಿ ಬಂದಳು. ಏದುಸಿರಲ್ಲೇ ಸೆರಗಿನಿಂದ ಫೋನ್ ತೆಗೆದು ಮೇಡಂ ಕೈಗೆ ತುರುಕಿದಳು. ಅವರು ಆ ಎರಡು ಚಿತ್ರಗಳನ್ನು ಹಿಂದೆ ಮುಂದೆ ಸರಿಸಿ ನೋಡಿದರು, ನನಗಿಂತ ಜಾಸ್ತಿ ಹೊತ್ತು. ಆಮೇಲೆ ಚೆಂಡನ್ನು ಹುಡುಗಿಗೆ ಕೊಟ್ಟರು.

ಅವಳು ಅಭ್ಯಾಸದಂತೆ ಅಂಗಿಯ ತೋಳನ್ನು ಕೆಳಗೆ ಎಳೆದುಕೊಳ್ಳಲು ಹೋದಳು. ತಾಯಿ ಅವಳ ಕೈ ತಡೆದು, ತಾನೇ ಅದನ್ನು ಇನ್ನೊಂದು ಸುತ್ತು ಮೇಲಕ್ಕೆ ಮಡಚಿದಳು.

"ಹಂಗೇ ಹಾಕವ್ವ" ಅಂದಳು.