ತತ್ತಿ ಜಾರುವಷ್ಟು ಬೆಣ್ಣೆ

ತಮ್ಮನಿಗೆ ನನ್ನ ಕಿಡ್ನಿ ಹೊಂದುತ್ತದೆ ಎಂದು ಗೊತ್ತಾದ ದಿನ ಅವ್ವ ನನ್ನ ಹಣೆಗೆ ವಿಭೂತಿ ಹಚ್ಚಿ ಅತ್ತಳು. ಆದರೆ ಡಾಕ್ಟರು ಕರಾರು ಹಾಕಿದರು: ಮೊದಲು ನನ್ನ ತೂಕ ಇಳಿಯಬೇಕು, ಆಮೇಲೆ ಆಪರೇಷನ್. ಅಲ್ಲಿಯವರೆಗೆ ತಮ್ಮನಿಗೆ ಡಯಾಲಿಸಿಸ್ ತಪ್ಪದು. ಪ್ರತಿ ಸಲವೂ ಅವನು ರಾಯಚೂರಿನ ಆಸ್ಪತ್ರೆಯಿಂದ ಇನ್ನಷ್ಟು ಸೊರಗಿ ನಮ್ಮೂರು ಮಾನ್ವಿಗೆ ಮರಳುತ್ತಿದ್ದ.

ಕೆಲಸಕ್ಕೆಂದು ಬೆಳಗಿನ ಬಸ್ಸಿಗೆ ಓಡುವ ನನಗೆ ಆಸ್ಪತ್ರೆಯ ಡಯಟಿಷಿಯನ್ ನಾಷ್ಟಾಕ್ಕೆ ಸೂಚಿಸಿದ್ದು ಎರಡು ಟೋಸ್ಟ್, ಚೂರು ಬೆಣ್ಣೆ, ಒಂದು ತತ್ತಿ. ಬಿಳಿ ಬ್ರೆಡ್ಡಿಗೆ ತೂಕ ಇಳಿಯಲಿಲ್ಲ. ಗೋಧಿಯದಕ್ಕೆ ಬದಲಿಸಿದೆ, ಜಪ್ಪಯ್ಯ ಎಂದರೂ ಇಳಿಯಲಿಲ್ಲ. ದುಬಾರಿ ಮಲ್ಟಿಗ್ರೇನ್ ತಂದೆ, ತುಸು ಏರಿತು! ನನಗೆ ಪಿತ್ತ ನೆತ್ತಿಗೇರಿತು. ತಮ್ಮನ ಡಯಾಲಿಸಿಸ್ ದಿನ ಮೂರೂ ಪ್ಯಾಕೆಟ್ಟುಗಳನ್ನು ಚೀಲಕ್ಕೆ ತುರುಕಿ, ಅವ್ವನ ಜೊತೆ ಹೋಗಿ ಡಯಟಿಷಿಯನ್ ಮೇಜಿನ ಮೇಲೆ ಸುರಿದೆ.

“ಇದರಾಗ ನನಗ ಮೋಸ ಮಾಡಿದ್ದು ಯಾವ್ದು, ಹೇಳ್ರಿ.”

ಆಕೆ ಪ್ಯಾಕೆಟ್ಟುಗಳನ್ನು ತಿರುವಿ ಓದಿದರು. ತೂಕಕ್ಕೆ ತೂಕ ಇಟ್ಟರೆ ಮೂರೂ ಹೆಚ್ಚುಕಡಿಮೆ ಒಂದೇ. ಬಿಳಿಯ ತೆಳು ಸ್ಲೈಸಿಗೆ ಅರವತ್ತೈದು ಕ್ಯಾಲೊರಿ, ಗೋಧಿಯದಕ್ಕೆ ಎಪ್ಪತ್ತೈದು, ಬೀಜ ತುಂಬಿದ ದಪ್ಪ ಮಲ್ಟಿಗ್ರೇನಿಗೆ ತೊಂಬತ್ತು. ನಾರು ಹಸಿವನ್ನು ತಡೆಯುತ್ತದೆ, ಕ್ಯಾಲೊರಿಯನ್ನಲ್ಲ.

“ಎರಡು ಸ್ಲೈಸಿಗೆ ಐವತ್ತರ ಫರಕು, ಅಷ್ಟ. ಬೆಣ್ಣಿ ಎಷ್ಟ್ ಹಚ್ಕೋತೀರಿ?”

“ಒಂದ್ ಚಮಚಾ.”

“ತತ್ತಿ ಕರಿಯೂದಕ್ಕ?”

ನಾನು ಅವ್ವನ ಮುಖ ನೋಡಿದೆ. ಲಿಂಗ ಕಟ್ಟಿದ ಅವ್ವ ತತ್ತಿಯನ್ನು ಹೊಸ್ತಿಲು ದಾಟಲು ಬಿಟ್ಟವಳಲ್ಲ. ಈಗ ತಮ್ಮನ ಜೀವಕ್ಕಾಗಿ, ಹಿತ್ತಲಲ್ಲಿ ಬೇರೆ ಒಲೆ ಹೂಡಿ ತಾನೇ ಕರಿಯುತ್ತಿದ್ದಳು. ಅವಳು ಸೆರಗು ತಿರುಚುತ್ತ ಹೇಳಿದಳು, “ಬೆಣ್ಣಿ ಕಮ್ಮಿ ಆದ್ರ ಹಂಚಿಗಿ ಹತ್ಕೋತದರೀ. ಕೆರೀಬೇಕು, ಮುಟ್ಟಬೇಕು. ಅದಕ್ಕ ನಾಕು ಚಮಚಾ ಹಾಕಿ, ಟೋಸ್ಟಿನ ಮ್ಯಾಲ ಹಂಗ ಜಾರಿಸಿಬಿಡ್ತೀನಿ.”

ಟೋಸ್ಟಿಗೆ ಅಷ್ಟು ರುಚಿ ಎಲ್ಲಿಂದ ಬಂತೆಂದು ನಾನು ಯೋಚಿಸಿರಲೇ ಇಲ್ಲ. ಬೆಣ್ಣೆಯನ್ನೆಲ್ಲ ಅದು ಕುಡಿದಿರುತ್ತಿತ್ತು. ಚಮಚಕ್ಕೆ ಮೂವತ್ತೈದರಂತೆ ನೂರಾ ನಲವತ್ತು ಕ್ಯಾಲೊರಿ, ಮೇಲಿನ ತತ್ತಿಯ ದುಪ್ಪಟ್ಟು.

“ಮಗನಕಿಂತ ನಿನ್ನ ಮಡಿ ಹೆಚ್ಚಾತೇನ್ ಬೇ?” ಎಂದು ಅಲ್ಲೇ ಕಿರುಚಿದೆ. ಹೊರಗಿದ್ದವರೆಲ್ಲ ಇಣುಕಿದರು. ಅವ್ವ ಮಾನ್ವಿ ತಲುಪುವವರೆಗೂ ಬಸ್ಸಿನ ಕಿಟಕಿಯತ್ತ ಮುಖ ತಿರುಗಿಸಿ ಕೂತಿದ್ದಳು. ನನ್ನ ಸಿಟ್ಟೂ ಇಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಹಿತ್ತಲಿನಿಂದ ಸೀದ ವಾಸನೆ ಬಂತು. ಹೋಗಿ ನೋಡಿದರೆ, ಹಂಚಿಗೆ ಸವರಿದಷ್ಟೇ ಬೆಣ್ಣೆ. ತತ್ತಿ ಗಟ್ಟಿಯಾಗಿ ಹತ್ತಿಕೊಂಡಿತ್ತು. ಅವ್ವ ಮಗುಚುವ ಸಟ್ಟುಗದಿಂದ ಕೆರೆದು, ಅಂಚಿಗೆ ಅಂಟಿದ್ದನ್ನು ಬರಿಬೆರಳಿನಿಂದ ಟೋಸ್ಟಿನ ಮೇಲೆ ದೂಡಿದಳು. ಬೆರಳಿಗೆಲ್ಲ ಹಳದಿ ಮೆತ್ತಿತ್ತು.

“ತಿನ್ನು. ಬಸ್ಸಿಗಿ ಹೊತ್ತಾಕ್ತದ.”

ನಿಂತಲ್ಲೇ ತಿಂದೆ. ನಾನು ಮುಗಿಸುವವರೆಗೂ ಅವಳು ಕೈ ತೊಳೆಯಲು ಹೋಗಲಿಲ್ಲ.

ಕೆಲವು ವಾರಗಳ ಮೇಲೆ ಆಸ್ಪತ್ರೆಯ ತೂಕದ ಯಂತ್ರದ ಮುಳ್ಳು ಹಿಂದೆ ಸರಿಯಿತು. ಅವ್ವ ಬಗ್ಗಿ ಎರಡು ಸಲ ನೋಡಿದಳು. ಚಪ್ಪಲಿ ಅಲ್ಲೇ ಬಿಟ್ಟು, ತಮ್ಮನಿದ್ದ ಡಯಾಲಿಸಿಸ್ ಕೋಣೆಯತ್ತ ಓಡಿದಳು.