ಕೋಳಿ ಹೊಕ್ಕ ಕಟ್ಟಿಗೆ ಬಣವೆ

ನಾನು ಶಹಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಲೆಕ್ಕದ ವಿಷಯದಲ್ಲಿ ಯಾರಾದರೂ ನನ್ನೊಂದಿಗೆ ವಾದಕ್ಕೆ ನಿಂತರೆ ನನಗೆ ಸಿಟ್ಟಿಗಿಂತ ಮೊದಲು ಕನಿಕರ ಬರುತ್ತದೆ. ಈ ಗುಣ ಒಳ್ಳೆಯದಲ್ಲ ಎಂದು ಹೆಂಡತಿ ಹೇಳುತ್ತಾಳೆ. ಇರಬಹುದು, ಆದರೆ ಇಪ್ಪತ್ತು ವರ್ಷದಲ್ಲಿ ನನ್ನ ಲೆಕ್ಕ ತಪ್ಪಿದ್ದು ಬೆರಳೆಣಿಕೆಯಷ್ಟು ಸಲ. ಅದರಲ್ಲಿ ಒಂದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಕ್ಕನ ಊರು ಹತ್ತಿಕುಣಿಯ ಕಡೆ. ಅಕ್ಕ, ಅವಳ ಗಂಡ ಅಂದರೆ ನಮ್ಮ ಮಾವ, ಇಬ್ಬರೂ ಕೂಲಿಗೆ ಹೋಗುವವರು, ಜೊತೆಗೆ ಎರಡೆಕರೆ ಹೊಲ. ಎರಡು ಕೋಣೆಯ ಮನೆ ಕಟ್ಟಿಕೊಳ್ಳಬೇಕೆಂದು ಆ ಬೇಸಿಗೆಯಲ್ಲಿ ಕೆರೆಯ ಹೂಳು ತಂದು, ಹೊಲದ ಮೂಲೆಯಲ್ಲಿ ತಾವೇ ಇಟ್ಟಿಗೆ ಕೊಯ್ದಿದ್ದರು. ಹನ್ನೆರಡು ಸಾವಿರ ಹಸಿ ಇಟ್ಟಿಗೆ ಒಣಗಿ ನಿಂತಿದ್ದವು. ಸುಡುವುದೊಂದೇ ಬಾಕಿ. ಬೆಂಕಿ ನಡುವೆ ಸೊರಗಿದರೆ ಮೇಲಿನ ಸಾಲುಗಳು ಅರೆಬರೆ ಬೆಂದು, ಮೊದಲ ಮಳೆಗೆ ಮಣ್ಣಾಗಿ ಹರಿದುಹೋಗುತ್ತವೆ. ಅಕ್ಕನ ಒಂದು ಕೋಣೆ ಅದರೊಂದಿಗೇ ಹೋದಂತೆ.

ಭಟ್ಟಿ ಸುಡುವ ಮುದುಕ ಒಂದು ಮಾತು ಹೇಳಿ ಹೋಗಿದ್ದ: ಸಾವಿರ ಇಟ್ಟಿಗೆಗೆ ಅರ್ಧ ಟನ್ ಒಣ ಕಟ್ಟಿಗೆ. ಅಂದರೆ ಆರು ಟನ್. ಮಾವ ಹೊಲ ಹೊಲ ಅಲೆದು ಬಳ್ಳಾರಿ ಜಾಲಿ ಕಡಿದು, ಮೀಟರುದ್ದದ ತುಂಡು ಮಾಡಿ, ಒಣಗಿಸಿ ಬಣವೆ ಒಟ್ಟಿದ್ದ. ಆರು ಟನ್ ಆಗಿದೆಯೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಅಷ್ಟನ್ನೂ ಯಾದಗಿರಿಯ ಕಾಟಾಕ್ಕೆ ಒಯ್ದು ತೂಗಿ ತರುವುದು ಆಗದ ಮಾತು.

"ನನ್ನ ತಮ್ಮ ಬರ್ತಾನ, ನೋಡಿ ಹೇಳ್ತಾನ" ಎಂದು ಅಕ್ಕ ಓಣಿಗೆಲ್ಲ ಹೇಳಿಟ್ಟಿದ್ದಳು. ಭಾನುವಾರ ನಾನು ಟೇಪು ಹಿಡಿದು ಹೋದೆ.

ಬಣವೆ ಚಂದವಿತ್ತು. ಆರು ಮೀಟರ್ ಉದ್ದ, ಎರಡು ಮೀಟರ್ ಎತ್ತರ, ಒಂದು ಮೀಟರ್ ಅಗಲ. ಹನ್ನೆರಡು ಘನ ಮೀಟರ್. ಜಾಲಿಯ ಒಂದು ಚೂರನ್ನು ತೂಗಿ, ತುಂಬಿದ ಬಕೀಟಿನಲ್ಲಿ ಬೆರಳಿನಿಂದ ಒತ್ತಿ ಮುಳುಗಿಸಿ, ಚೆಲ್ಲಿದ ನೀರು ಅಳೆದೆ. ಸಂದಿಯೇ ಇಲ್ಲದ ಗಟ್ಟಿ ಜಾಲಿ ಘನ ಮೀಟರಿಗೆ ಎಂಟುನೂರೈವತ್ತು ಕಿಲೊ ಬಂತು. ಆದರೆ ಬಣವೆಯಲ್ಲಿ ಗಾಳಿಯೂ ಇರುತ್ತದಲ್ಲ! ಅದಕ್ಕೆ ಬಣವೆಯ ಮುಖದ ಮೇಲೆ ಅಲ್ಲಲ್ಲಿ ಒಂದು ಮೀಟರಿನ ದಾರ ಹಿಡಿದು, ಎಷ್ಟು ಸೆಂಟಿಮೀಟರ್ ಕಟ್ಟಿಗೆಯ ಮೇಲೆ ಬರುತ್ತದೆ, ಎಷ್ಟು ಸಂದಿಯ ಮೇಲೆ ಬರುತ್ತದೆ ಎಂದು ಎಣಿಸಿದೆ. ನೂರಕ್ಕೆ ಎಪ್ಪತ್ತು ಕಟ್ಟಿಗೆ. ಹನ್ನೆರಡನ್ನು ಎಂಟುನೂರೈವತ್ತರಿಂದ ಗುಣಿಸಿ ಅದರಲ್ಲಿ ನೂರಕ್ಕೆ ಎಪ್ಪತ್ತು ಪಾಲು ಹಿಡಿದರೆ ಏಳು ಸಾವಿರದ ನೂರ ನಲವತ್ತು ಕಿಲೊ.

"ಏಳು ಟನ್ ಮ್ಯಾಲೇ ಅದ. ಕೊಡ್ಲಿ ಒಳಗಿಡು ಮಾವಾ" ಎಂದೆ.

ಮಾವ ಕೊಡಲಿ ಒಳಗಿಟ್ಟ. ಶುಕ್ರವಾರ ಬೆಂಕಿ ಎಂದು ಮುದುಕನಿಗೆ ಫೋನು ಹೋಯಿತು. ಅಕ್ಕ ನನಗೆ ಎರಡು ರೊಟ್ಟಿ ಹೆಚ್ಚಿಗೆ ಬಡಿದಳು. ನಾನು ಶಹಾಪುರಕ್ಕೆ ಹೋಗಿ, ಸೋಮವಾರ ಒಂಬತ್ತನೇ ತರಗತಿಗೆ ಇದೇ ಲೆಕ್ಕ ಬರೆಸಿದೆ. ಅಷ್ಟು ಹೆಮ್ಮೆ.

ಮಂಗಳವಾರ ಯಾದಗಿರಿಯಲ್ಲಿ ಇಲಾಖೆಯ ಸಭೆ ಇತ್ತು. ಮಧ್ಯಾಹ್ನವೇ ಮುಗಿದಿದ್ದರಿಂದ ಅಕ್ಕನ ಮನೆಗೆ ಹೋದೆ. ಮಾವ ಕೂಲಿಗೆ ಹೋಗಿದ್ದ. ಅಕ್ಕ ಕೋಳಿ ಹುಡುಕುತ್ತಿದ್ದಳು. ಎರಡು ದಿನದಿಂದ ಅದು ಮೊಟ್ಟೆ ಎಲ್ಲಿ ಇಡುತ್ತಿದೆ ಎಂಬುದೇ ಪತ್ತೆಯಿಲ್ಲ. ಅಷ್ಟರಲ್ಲಿ ಕಟ್ಟಿಗೆ ಬಣವೆಯಿಂದ ಕೊಕ್ಕೊಕ್ಕೋ ಎಂದು ಕೇಳಿಸಿತು. ಬಣವೆಯ ಮೇಲಿಂದಲ್ಲ, ಒಳಗಿಂದ.

ಅಕ್ಕ ಬಣವೆಯ ಮುಖದ ಕಡೆಯಿಂದ ಒಂದು ತುಂಡು ಹಿಡಿದು ಎಳೆದಳು. ಮೀಟರುದ್ದ ಬರಬೇಕಾದದ್ದು ಗೇಣುದ್ದ ಬಂತು. ಅದರ ಹಿಂದಿನ ಕತ್ತಲಲ್ಲಿ ಕೋಳಿ ಕೂತು ನಮ್ಮನ್ನೇ ನೋಡುತ್ತಿತ್ತು. ಹಿಂದಿನ ಮಗ್ಗುಲಿನಿಂದ ಹೊಕ್ಕು ಮುಂದಿನವರೆಗೆ ನಡೆದು ಬಂದಿತ್ತು ಮಹರಾಯಿತಿ.

ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ. ಇನ್ನೊಂದು ತುಂಡು ಎಳೆದೆ, ಗೇಣುದ್ದ. ಮತ್ತೊಂದು, ಅದೂ ಗೇಣುದ್ದ.

"ಯಾಕಕ್ಕಾ ಇವು ಸಣ್ಣವು?"

"ನಿಮ್ಮ ಮಾವಂದು. ಜಾಲಿ ಸೊಟ್ಟ ಇರ್ತದಲ್ಲೋ ತಮ್ಮಾ, ಮುಂದ ಭಾಳ ತೂತು ಕಾಣತಿದ್ವು. ಮಂದಿ ನೋಡಿದ್ರ ನಗ್ತಾರಂತ ಸಣ್ಣ ತುಂಡು ತುರುಕಿ ಚಂದ ಮಾಡ್ಯಾನ."

ಮಾವ ಹೊಟ್ಟು ಮೇವಿನ ಬಣವೆ ಒಟ್ಟುವುದರಲ್ಲಿ ಊರಿಗೇ ಹೆಸರಾದವನು. ಬಣವೆಯ ಹೊರಮೈ ನುಣ್ಣಗಿರಬೇಕು ಎಂಬುದು ಅವನಿಗೆ ಮರ್ಯಾದೆಯ ಪ್ರಶ್ನೆ. ಕಟ್ಟಿಗೆಗೂ ಅದನ್ನೇ ಮಾಡಿದ್ದ. ಅವನದೇನೂ ಮೋಸವಿಲ್ಲ. ಮೇಲೆ ಥಳುಕು ಒಳಗೆ ಹುಳುಕು ಎಂದು ಮಕ್ಕಳಿಗೆ ಹೇಳುವ ನಾನೇ ಮುಖ ನೋಡಿ ಒಳಗನ್ನು ಅಳೆದಿದ್ದೆ.

ಅಕ್ಕನಿಗೆ ಆಗಲೇ ಏನೂ ಹೇಳಲಿಲ್ಲ. ಹೇಳಲು ನಾಚಿಕೆಯಾಯಿತು. ನಾಲ್ಕು ಗೂಟ ನೆಟ್ಟು, ಒಂದು ಮೀಟರ್ ಉದ್ದ, ಅಗಲ, ಎತ್ತರದ ಚೌಕ ಮಾಡಿದೆ. ಬಣವೆಯ ನಡುವಿನ ಸೊಟ್ಟ ತುಂಡುಗಳನ್ನು ತೆಗೆದು, ಒಳಗೆ ಹೇಗಿದ್ದವೋ ಹಾಗೇ ಅದರಲ್ಲಿ ಒಟ್ಟಿ ತುಂಬಿಸಿದೆ. ಪಕ್ಕದ ಮನೆಯಿಂದ ಹತ್ತಿ ತೂಗುವ ಕಾಟಾ ತಂದು ಹೊರೆ ಹೊರೆಯಾಗಿ ತೂಗಿದೆ. ಮುನ್ನೂರ ಎಂಬತ್ತು ಕಿಲೊ. ಗಟ್ಟಿ ಜಾಲಿಯ ಎಂಟುನೂರೈವತ್ತರ ಎದುರು ಅರ್ಧವೂ ಇಲ್ಲ. ಬಣವೆಯಲ್ಲಿ ಕಟ್ಟಿಗೆಗಿಂತ ಗಾಳಿಯೇ ಹೆಚ್ಚು. ಹನ್ನೆರಡರಿಂದ ಗುಣಿಸಿದರೆ ನಾಲ್ಕೂವರೆ ಟನ್ ಚಿಲ್ಲರೆ. ಸುಮಾರು ಒಂದೂವರೆ ಟನ್ ಕಡಿಮೆ. ಎಂದರೆ ಮೂರು ಸಾವಿರ ಇಟ್ಟಿಗೆ, ಒಂದು ಕೋಣೆಯ ಗೋಡೆ.

ಆಕಾಶದಲ್ಲಿ ಮೋಡ ಆಡುತ್ತಿದ್ದವು. ಸಂಜೆ ಮಾವ ಬಂದ ಮೇಲೆ ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ.

"ನನ್ನ ಲೆಕ್ಕ ತಪ್ಪ್ಯದ. ಕಟಗಿ ಸಾಲಂಗಿಲ್ಲ."

ಮಾವ ಎದ್ದು ಒಳಗಿನಿಂದ ಕೊಡಲಿ ತಂದ. ಒಂದಲ್ಲ, ಎರಡು.

"ಹಸೀದು ಕಡದ್ರ ಹೊಗಿ ಅಷ್ಟೇ ಬರ್ತದ. ಜೆಸಿಬಿ ಕಿತ್ತು ಬದುವಿಗೆ ಹಾಕಿದ ಬೊಡ್ಡಿ ಅವ, ವರ್ಷ ಆತು ಒಣಗಿ. ಹೊಲದವ್ರನ್ನ ನಾ ಕೇಳ್ತೀನಿ. ನಡಿರಿ ಮಾಸ್ತರ, ಕೈ ಕೆಸರಾದ್ರ ಬಾಯಿ ಮೊಸರಂತ!"

ಎರಡು ದಿನ ರಜೆ ಹಾಕಿದೆ. ಜಾಲಿ ಬೊಡ್ಡೆ ಒಡೆದವನಿಗೇ ಗೊತ್ತು ಅದರ ಹಟ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಮಾವ ನಾಲ್ಕೇಟಿಗೆ ಸೀಳಿದ್ದು ನನಗೆ ಹದಿನಾಲ್ಕು ಏಟು. ಈ ಸಲ ಒಟ್ಟಲೂ ಇಲ್ಲ, ಅಳೆಯಲೂ ಇಲ್ಲ, ಸೀಳಿದಂತೆಲ್ಲ ತೂಗಿದೆವು. ಗುರುವಾರ ಹೊತ್ತು ಮುಳುಗುವ ಮೊದಲು ಸಾವಿರದ ಐನೂರು ದಾಟಿತು.

ಶುಕ್ರವಾರ ಬೆಳಿಗ್ಗೆ ಮುದುಕ ಬೆಂಕಿ ಹಚ್ಚಿದ. ಕೊನೆಯ ಬೊಡ್ಡೆಯವರೆಗೆ ಭಟ್ಟಿಯ ಬಾಯಿಗಿಟ್ಟು ಉರಿಸಿ, ಆಮೇಲೆ ಬಾಯಿ ಮುಚ್ಚಿ ಮಣ್ಣು ಮೆತ್ತಿದ. ಹತ್ತು ದಿನ ಆರಿದ ಮೇಲೆ ಬಿಚ್ಚುವಾಗ ನಾನೂ ಹೋಗಿದ್ದೆ. ಮುದುಕ ಎಲ್ಲಕ್ಕಿಂತ ಮೇಲಿನ ಸಾಲಿನ ಎರಡು ಇಟ್ಟಿಗೆ ಎತ್ತಿ ಒಂದಕ್ಕೊಂದು ಬಡಿದ. ಖಣ್ ಎಂದವು. ನನ್ನ ಕಣ್ಣಲ್ಲಿ ನೀರು ಬಂತು, ಬೂದಿ ಬಿತ್ತೆಂದು ಒರೆಸಿಕೊಂಡೆ.

ಅಕ್ಕ ಆ ಎರಡನ್ನೂ ಮುದುಕನಿಂದ ಇಸಕೊಂಡು ಸೆರಗಿನಿಂದ ಒರೆಸಿದಳು.

"ಸಿಟ್ಟದೇನಕ್ಕಾ ನನ್ನ ಮ್ಯಾಲ?" ಎಂದು ಕೇಳಿದೆ.

"ಲೆಕ್ಕ ತಪ್ಪಿದ್ದಕ್ಕ ಯಾಕ ಸಿಟ್ಟು?" ಎಂದಳು. "ನೀ ಬಂದು ಹೇಳಿಲ್ಲಂದ್ರ ನಮಗ ಗೊತ್ತೇ ಆಗ್ತಿರಲಿಲ್ಲ. ಇಟ್ಟಂಗಿ ಹಸೀ ಉಳದ್ರೂ ನಾ ಮಣ್ಣಿಗೆ ಬೈತಿದ್ದೆ, ಕಟಗಿಗೆ ಬೈತಿದ್ದೆ, ನಿಮ್ಮ ಮಾವಗ ಬೈತಿದ್ದೆ. ನಿನ್ನ ಲೆಕ್ಕ ತಪ್ಪ್ಯದಂತ ನನ್ನ ಮನಸಿಗೇ ಬರ್ತಿರಲಿಲ್ಲೋ ತಮ್ಮಾ."