ಔಡಲ ಬೀಜವಿಲ್ಲದ ಮನೆ

ಓಬಳೆಪ್ಪ ಮಾಸ್ತರರ ಲೆಕ್ಕ ತಪ್ಪಿದ್ದನ್ನು ಕೊಪ್ಪಳದಲ್ಲಿ ಕಂಡವರಿಲ್ಲ. ಅದೇ ಅವರ ಹೆಮ್ಮೆ, ಅದೇ ಅವರ ಗ್ರಹಚಾರ.

ಆಗ ನಿಜಾಮರ ಕಾಲ, ಶುಕ್ರವಾರ ರಜೆ, ಗುರುವಾರ ಅರ್ಧ ದಿನ. ಆ ಹೈಸ್ಕೂಲಿನಲ್ಲಿ ಆರರಿಂದ ಹತ್ತರವರೆಗೆ ಐದು ತರಗತಿ, ಆರು ಜನ ಮಾಸ್ತರರು, ಮೇಲೊಬ್ಬ ಸದರ್ ಸಾಹೇಬರು, ಅಂದರೆ ಹೆಡ್‌ಮಾಸ್ತರರು. ಐದು ದಿನ ಆರಾರು ತಾಸು, ಗುರುವಾರ ನಾಲ್ಕು. ಒಂದು ತರಗತಿಗೆ ವಾರಕ್ಕೆ ಮೂವತ್ತನಾಲ್ಕು. ಐದು ತರಗತಿ ಸೇರಿ ನೂರಾ ಎಪ್ಪತ್ತು. ಸದರ್ ಸಾಹೇಬರು ಎಂಟು ತಾಸು ಹೊತ್ತರೆ ಉಳಿದದ್ದು ಒಬ್ಬೊಬ್ಬ ಮಾಸ್ತರರಿಗೆ ಸರಿಯಾಗಿ ಇಪ್ಪತ್ತೇಳು. ಒಬ್ಬರಿಗೆ ಹೆಚ್ಚಿಲ್ಲ, ಒಬ್ಬರಿಗೆ ಕಡಿಮೆಯಿಲ್ಲ. ಗಣಿತದ ಓಬಳೆಪ್ಪನವರು ಇದನ್ನು ಹೇಳುವಾಗ ಧೋತರದ ಚುಂಗು ಹಿಡಿದು ನಿಲ್ಲುತ್ತಿದ್ದ ಠೀವಿ ನೋಡಬೇಕಿತ್ತು!

ವರ್ಷಾ ವರ್ಷಾ ಸಾಲೆ ತೆರೆಯುವ ಮುಂಚೆ ವೇಳಾಪಟ್ಟಿ ಕಟ್ಟುವ ಕೆಲಸ ಅವರದೇ. ಪಡಸಾಲೆಯಲ್ಲಿ ಹಳೆಯ ಬಾಗಿಲ ಹಲಗೆಯೊಂದನ್ನು ಹಾಸಿ, ಸುಣ್ಣದಿಂದ ಮನೆ ಬರೆಯುತ್ತಿದ್ದರು. ಅಡ್ಡಸಾಲು ತಾಸಿನದು, ಉದ್ದಸಾಲು ತರಗತಿಯದು. ಒಬ್ಬೊಬ್ಬ ಮಾಸ್ತರರಿಗೆ ಒಂದೊಂದು ಬೀಜ. ತಮಗೆ ಹುಣಸೆ, ಇತಿಹಾಸದ ಕಾಳಪ್ಪ ಮಾಸ್ತರರಿಗೆ ಕಡಲೆ, ವಿಜ್ಞಾನದ ಶಫೀಸಾಬರಿಗೆ ಔಡಲ. ಒಂದು ಅಡ್ಡಸಾಲಿನಲ್ಲಿ ಒಂದೇ ಬೀಜ ಎರಡು ಸಲ ಬಂದರೆ ಪಟ್ಟಿ ಕೆಟ್ಟಿತು ಎಂದರ್ಥ; ಒಬ್ಬ ಮನುಷ್ಯ ಎರಡು ಕೋಣೆಯಲ್ಲಿ ಇರಲಾರನಲ್ಲ. ಮೂರು ತಾಸಿಗಿಂತ ಹೆಚ್ಚು ಯಾರೂ ಬಿಡುವಿಲ್ಲದೆ ನಿಲ್ಲಬಾರದು. ಒಂದು ಕಠಿಣ ಪಾಠದ ಬೆನ್ನಿಗೆ ಇನ್ನೊಂದು ಬರಬಾರದು. ಎಲ್ಲವೂ ಕೂಡಿ ಬರುವ ತನಕ ಹೆಂಡತಿ ಹುಲಗೆಮ್ಮ ಪಡಸಾಲೆ ಗುಡಿಸುವ ಹಾಗಿರಲಿಲ್ಲ.

"ಈ ಬೀಜ ಹೊಲಕ್ಕ ಹಾಕಿದ್ರ ಬೆಳಿನಾರ ಬರ್ತಿತ್ತು," ಎನ್ನುತ್ತಿದ್ದಳು ಆಕೆ.

ತೊಡಕಿದ್ದದ್ದು ಪ್ರಯೋಗದ ಕೋಣೆಯದು. ಸಾಲೆಗೆಲ್ಲ ಅದೊಂದೇ. ಉದ್ದ ಮೇಜುಗಳಿದ್ದದ್ದೂ ಅಲ್ಲಿ ಮಾತ್ರ, ಹಾಗಾಗಿ ಚಿತ್ರಕಲೆಗೂ ಅದೇ ಬೇಕು. ಓಬಳೆಪ್ಪನವರು ಜಾಣತನದಿಂದ ಚಿತ್ರಕಲೆಯನ್ನೆಲ್ಲ ಮಧ್ಯಾಹ್ನಕ್ಕೆ ತಳ್ಳಿ, ಹತ್ತನೆಯವರ ಪ್ರಯೋಗವನ್ನು ರವಿವಾರ, ಮಂಗಳವಾರ ಎರಡು ಮತ್ತು ಮೂರನೇ ತಾಸು ಸೇರಿಸಿ ಇಟ್ಟಿದ್ದರು. ಜೋಡಿ ತಾಸಿಲ್ಲದೆ ಪ್ರಯೋಗ ಮುಗಿಯುವುದಿಲ್ಲ ಎಂಬಷ್ಟು ಅವರಿಗೂ ಗೊತ್ತಿತ್ತು.

ನಲವತ್ತೆರಡನೇ ಇಸವಿಯ ಸುಮಾರಿನ ಮಾತು. ಸಾಲೆ ತೆರೆಯಲು ನಾಲ್ಕು ದಿನ ಇರುವಾಗ ಶಫೀಸಾಬರು ಮನೆಗೆ ಬಂದರು. ಮೆತ್ತಗಿನ ಮನುಷ್ಯ, ಏನು ಕೇಳುವುದಿದ್ದರೂ ಹತ್ತು ಸಲ ಯೋಚಿಸುವವರು. ಅವರ ಹೆಂಡತಿ ತಾಜಬೀ ಆರು ತಿಂಗಳಿಂದ ಹಾಸಿಗೆ ಹಿಡಿದಿದ್ದಳು. ಬೆಳಿಗ್ಗೆ ರೊಟ್ಟಿ ಬಡಿಯುವುದು, ಆಕೆಗೆ ಉಣಿಸುವುದು ಎಲ್ಲ ಇವರದೇ.

"ಮಾಸ್ತರ, ಪ್ರಯೋಗದ ಎರಡು ದಿನ ಮೊದಲನೇ ತಾಸು ನನಗ ಬಿಡುವು ಸಿಗ್ತದೇನ್ರಿ? ಸಾಮಾನು ಜೋಡಿಸ್ಬೇಕು, ಆಮ್ಲ ತೆಳು ಮಾಡಿ ಇಡ್ಬೇಕು. ಮೊದಲ ಲಗೂ ಬಂದು ಮಾಡ್ತಿದ್ದೆ. ಈಗ ಆಗೂದಿಲ್ರಿ."

"ನಿಮಗೂ ವಾರಕ್ಕ ಏಳು ತಾಸು ಬಿಡುವು ಐತಲ್ರಿ ಶಫೀಸಾಬ್ರ. ನನಗೂ ಏಳ."

"ಐತ್ರಿ, ಎಲ್ಲಾ ಮಧ್ಯಾಹ್ನದ ಮ್ಯಾಲ. ಆವಾಗ ಮೇಜಿನ ಮ್ಯಾಲ ಚಿತ್ರದ ಹುಡುಗರು. ಜೋಡಿಸಿ ಇಟ್ಟು ಹೋಗಾಕ ಬರೂದಿಲ್ಲ."

ಬೆಳಿಗ್ಗೆ ಮೊದಲನೇ ತಾಸಿಗೆ ಕೋಣೆ ಖಾಲಿ ಇತ್ತು, ಮನುಷ್ಯ ಖಾಲಿ ಇರಲಿಲ್ಲ. ಶಫೀಸಾಬರು ಆಗ ಎಂಟನೆಯವರಿಗೆ ಪಾಠ ಹೇಳಬೇಕಿತ್ತು.

"ನೋಡ್ತೀನಿ," ಎಂದರು ಓಬಳೆಪ್ಪ.

ನೋಡಿದರು. ಸುಳ್ಳಲ್ಲ. ಶಫೀಸಾಬರು ಹೋದ ಮೇಲೆ ಹಲಗೆಯ ಮುಂದೆ ಕೂತು ಅರ್ಧ ತಾಸಿನಲ್ಲಿ ದಾರಿ ಕಂಡುಬಿಟ್ಟಿತು. ಎಂಟನೆಯವರ ವಿಜ್ಞಾನ ಐದನೇ ತಾಸಿಗೆ ಹೋಗಲಿ. ಅಲ್ಲಿದ್ದ ಅವರ ಗಣಿತ ಮೊದಲಿಗೆ ಬರಲಿ. ಹತ್ತನೆಯವರಿಗೆ ಮೊದಲು ಕಾಳಪ್ಪ ಮಾಸ್ತರರ ಇತಿಹಾಸ, ಐದಕ್ಕೆ ಗಣಿತ. ದಿನಕ್ಕೆ ನಾಲ್ಕು ಬೀಜ ಸರಿದರೆ ಮುಗಿಯಿತು. ಯಾರ ಇಪ್ಪತ್ತೇಳೂ ಕೆಡುವುದಿಲ್ಲ, ಯಾವ ತರಗತಿಯ ಪಾಠವೂ ಕಡಿಮೆಯಾಗುವುದಿಲ್ಲ.

ಆದರೆ ಹತ್ತನೆಯವರ ಗಣಿತ ಊಟದ ಮೇಲೆ! ಹನ್ನೊಂದು ವರ್ಷದಿಂದ ಆ ತರಗತಿಯ ಮೊದಲನೇ ತಾಸು ಓಬಳೆಪ್ಪನವರದು. ಹುಡುಗರ ತಲೆ ಬೆಳಿಗ್ಗೆ ಚುರುಕು, ಊಟದ ಮೇಲೆ ತೂಕಡಿಸುತ್ತಾರೆ, ಪರೀಕ್ಷೆಯಲ್ಲಿ ಅಂಕ ಬೀಳುತ್ತದೆ, ಎಂದು ತಮಗೆ ತಾವೇ ಹೇಳಿಕೊಂಡರು. ಅದರಲ್ಲಿ ಅರ್ಧ ನಿಜ. ಉಳಿದರ್ಧ ಬರೀ ಜಂಬ.

ಹುಲಗೆಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಈಗ ಸರಿಸಿದ್ರಿ, ಮತ್ಯಾಕ ತಿರುಗಿ ಇಟ್ರಿ?"

"ಹೊಂದವಲ್ದು," ಎಂದರು.

ಹೊಂದಿತ್ತು. ಅವರು ಹೆಂಡತಿಗೆ ಹೇಳಿದ ಸುಳ್ಳುಗಳಲ್ಲಿ ಅದೇ ಸಣ್ಣದು, ಅದೇ ದೊಡ್ಡದು.

ಶಫೀಸಾಬರು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಕೊಡುತ್ತಿದ್ದೆ ಎಂದು ಓಬಳೆಪ್ಪ ಆಮೇಲೆ ಎಷ್ಟೋ ಸಲ ಅಂದುಕೊಂಡರು. ಏನು ಮಾಡುವುದು, ಕೆಲವರಿಗೆ ಎರಡನೇ ಸಲ ಕೇಳಲು ಬಾಯಿಯೇ ಬರುವುದಿಲ್ಲ. ಎಂಟನೆಯವರ ಪಾಠ ಮುಗಿಸಿ ಅವರು ಅಂಗಳ ದಾಟಿ ಓಡುವುದು, ಹತ್ತನೆಯ ಹುಡುಗರು ಒಳನುಗ್ಗುವ ಮುಂಚೆ ಸೀಸೆ ನಳಿಗೆ ಜೋಡಿಸುವುದು, ಇದೇ ನಡೆಯಿತು. ಓಬಳೆಪ್ಪ ಕಿಟಕಿಯಿಂದ ಆ ಓಟ ನೋಡುತ್ತಿದ್ದರು, ನೋಡಿ ಕರಿಹಲಗೆಯ ಕಡೆ ತಿರುಗುತ್ತಿದ್ದರು.

ದೀಪಾವಳಿಯ ಹಿಂದಿನ ಮಂಗಳವಾರ. ಆ ದಿನ ಸತುವಿನ ಮೇಲೆ ತೆಳು ಗಂಧಕಾಮ್ಲ ಹಾಕಿ ಅನಿಲ ತೆಗೆಯುವ ಪ್ರಯೋಗ. ತೆಳು ಮಾಡಿದ ಆಮ್ಲ ಮುಗಿದಿತ್ತು. ನೀರಿಗೆ ಆಮ್ಲ ಹಾಕಬೇಕು, ಸಣ್ಣಗೆ, ಕಲಕುತ್ತ. ಆಮ್ಲಕ್ಕೆ ನೀರು ಹಾಕಲೇಬಾರದು ಎಂದು ಶಫೀಸಾಬರು ಹುಡುಗರಿಗೆ ನೂರು ಸಲ ಹೇಳಿದ್ದರು. ಅವತ್ತು ಗಂಟೆ ಬಾರಿಸಿತ್ತು, ಬಾಗಿಲಲ್ಲಿ ಹುಡುಗರ ಗದ್ದಲ, ಮನೆಯಲ್ಲಿ ತಾಜಬೀಗೆ ರಾತ್ರಿಯಿಂದ ಜ್ವರ. ಆ ಗಡಿಬಿಡಿಯಲ್ಲಿ ಅವರ ಕೈ ಆಮ್ಲದ ಪಾತ್ರೆಗೇ ನೀರು ಸುರಿಯಿತು. ಕುದಿದು ಸಿಡಿದದ್ದು ನೇರ ಮುಖಕ್ಕೆ.

ಕೊಡಗಟ್ಟಲೆ ನೀರು ಸುರಿದರು. ರೈಲಿನಲ್ಲಿ ಗದಗಿಗೆ ಕರೆದೊಯ್ದರು. ಎಡಗಣ್ಣು ಹೋಯಿತು, ಬಲಗಣ್ಣಿಗೆ ನೆರಳಷ್ಟೇ ಉಳಿಯಿತು. ಓದಲಾಗದ ಮಾಸ್ತರರು ಸಾಲೆ ಬಿಟ್ಟು ತಾಜಬೀಯನ್ನು ಕಟ್ಟಿಕೊಂಡು ಕನಕಗಿರಿಯ ತಮ್ಮನ ಮನೆ ಸೇರಿದರು.

ಓಬಳೆಪ್ಪ ಅಲ್ಲಿಗೆ ಹೋದದ್ದು ಬೇಸಿಗೆಯಲ್ಲಿ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದರು: ದಾರಿ ಇತ್ತು, ನಾನೇ ಬಿಟ್ಟೆ, ತಪ್ಪಾಯಿತು. ದನಿ ಕೇಳಿದೊಡನೆ ಶಫೀಸಾಬರು ಎದ್ದು ಕೂತರು.

"ಮಾಸ್ತರ! ನೀವ ಬಂದ್ರಿ! ಮನಸಿಗೆ ಹಚ್ಕೋಬ್ಯಾಡ್ರಿ. ನಿಮ್ಮ ಪಟ್ಟ್ಯಾಗ ಎಂದೂ ತಪ್ಪಿದ್ದಿಲ್ಲ. ಹೊಂದಿದ್ರ ನೀವು ಕೊಡತಿದ್ರಿ, ನನಗೆ ಗೊತ್ತೈತಿ."

ಓಬಳೆಪ್ಪ ತಂದಿದ್ದ ಬಾಳೆಹಣ್ಣು ಇಟ್ಟರು, ಚಹಾ ಕುಡಿದರು, ಎದ್ದು ಬಂದರು. ಹೇಳಬೇಕಾದದ್ದು ಹೇಳಲಿಲ್ಲ. ಥೂ, ಅದಕ್ಕೆ ಏನೆನ್ನಬೇಕು!

ಮುಂದಿನ ವರ್ಷ ಹೊಸ ವಿಜ್ಞಾನ ಮಾಸ್ತರರು ಬಂದರು. ಓಬಳೆಪ್ಪ ದಿನಕ್ಕೆ ನಾಲ್ಕು ಬೀಜ ಸರಿಸಿ, ರವಿವಾರ ಮತ್ತು ಮಂಗಳವಾರದ ಮೊದಲನೇ ತಾಸಿನ ಸಾಲಿನ ತುದಿಯಲ್ಲಿ ಒಂದೊಂದು ಹೊಸ ಮನೆ ಬರೆದು, ಅದರಲ್ಲಿ ಔಡಲ ಬೀಜ ಇಟ್ಟರು. ಪಟ್ಟಿ ನೋಡಿದ ಸದರ್ ಸಾಹೇಬರು ಬೆರಳಿಟ್ಟು ಕೇಳಿದರು:

"ಇಲ್ಲಿ ಯಾವ ತರಗತಿನೂ ಇಲ್ಲಲ್ರಿ?"

"ತರಗತಿ ಇಲ್ರಿ. ಕೆಲಸ ಐತ್ರಿ."

ಮೊದಲ ರವಿವಾರ, ಊಟವಾದ ಮೇಲೆ, ಓಬಳೆಪ್ಪ ಹತ್ತನೆಯವರಿಗೆ ಗಣಿತ ಹೇಳಲು ನಿಂತರು. ಸೆಕೆ ಬೇಯಿಸುತ್ತಿತ್ತು. ಲೆಕ್ಕ ಬರೆದು ತಿರುಗಿ, ಒಂದೊಂದೇ ಮುಖ ನೋಡುತ್ತ ಹೋದರು. ಒಬ್ಬನಾದರೂ ತೂಕಡಿಸಬಾರದೇ, ಒಬ್ಬನಾದರೂ ಎಂದು ಮನಸ್ಸು ಬೇಡುತ್ತಿತ್ತು. ಮೂವತ್ತೊಂದು ಹುಡುಗರೂ ಕಣ್ಣು ಬಿಟ್ಟುಕೊಂಡು ಅವರನ್ನೇ ನೋಡುತ್ತಿದ್ದರು.